ವೀಕ್ಷಣಾ ಕೊಳವೆ (ಕೋಲಾರ ಸೀಮೆ)

ಅಡಿಪಾಯ ತೋಡುವ ಜಾಗದಲ್ಲಿ ಅಂತರ್ಜಲದ ಏರಿಳಿತ ಅಳೆಯಲು ನೆಡುವ, ತಳಭಾಗದಲ್ಲಿ ಸೀಳುಗಳಿರುವ ಪಿವಿಸಿ ಕೊಳವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಹಾಗಾಗಿ ನೆಲಮಾಳಿಗೆಗೆ ನೀರಿನ ಭಯವಿಲ್ಲವೆಂದು ತಿಳಿಯುವುದುಂಟು. ಇದು ಅಪಾಯದ ನಂಬಿಕೆ. ಗ್ರಾನೈಟ್, ನೈಸ್ ಬಂಡೆಯ ಮೇಲಿನ ಶಿಥಿಲ ಪದರದಲ್ಲಿ ಮಳೆನೀರು ಬೇರೆಯೇ ಮಟ್ಟದಲ್ಲಿ ನಿಲ್ಲಬಲ್ಲದು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿತ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ, ಕೆರೆಗಳ ಆಸುಪಾಸಿನಲ್ಲಿ ಹಳೆಯ ಅಳತೆಗಳನ್ನು ನೆಚ್ಚುವಂತಿಲ್ಲ.

ಕೊಳವೆಯನ್ನು ಅಗೆತದ ತಳಕ್ಕಿಂತ ಕೆಳಗೆ, ಶಿಥಿಲ ಪದರದೊಳಗೇ ನಿಲ್ಲಿಸಬೇಕು. ಸೀಳುಗಳ ಸುತ್ತ ದಪ್ಪ ಮರಳು, ಅದರ ಮೇಲೆ ಬೆಂಟೊನೈಟ್ ಜೇಡಿಯ ಬಿರಡೆ, ನೆಲಮಟ್ಟದಲ್ಲಿ ಸಿಮೆಂಟ್ ಕಟ್ಟೆ, ತುದಿಗೆ ಗಾಳಿರಂಧ್ರವಿರುವ ಮುಚ್ಚಳ. ಬಿರಡೆ ಸಡಿಲವಾದರೆ ಮೇಲ್ನೀರು ಜಾರಿ ಇಳಿಯುತ್ತದೆ. ಮಳೆ ಬಿದ್ದ ಕೆಲವೇ ನಿಮಿಷಗಳಲ್ಲಿ ಮಟ್ಟ ಜಿಗಿದರೆ ಮೊದಲು ಅದನ್ನೇ ಶಂಕಿಸಬೇಕು. ಕೊಳವೆಗೆ ನೀರು ಸುರಿದಾಗ ಇಳಿಯದೇ ನಿಂತರೆ ಸೀಳುಗಳು ಕಟ್ಟಿಕೊಂಡಿರಬಹುದು.

ಹತ್ತಿರದ ಪಂಪು ನಿಂತಿರುವಾಗ, ಕೊಳವೆಯ ತುದಿಯ ಗುರುತಿನಿಂದಲೇ ಅಳೆಯಬೇಕು. ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯ ಬಳಿಕ ಮಟ್ಟ ಏರುತ್ತದೆ. ಮೇ ತಿಂಗಳ ಅಳತೆಯೊಂದನ್ನೇ ನಂಬಿ ವಿನ್ಯಾಸ ಮಾಡುವುದು ತಪ್ಪು. ನೆಲಮಾಳಿಗೆಯ ತಳ 4 ಮೀಟರ್ ಆಳದಲ್ಲಿದೆ, ನೀರು ಮೇನಲ್ಲಿ 9 ಮೀಟರ್, ನವೆಂಬರ್‌ನಲ್ಲಿ 2.5 ಮೀಟರ್ ಆಳದಲ್ಲಿದೆ ಎನ್ನೋಣ. ಆಗ 1.5 ಮೀಟರ್ ನೀರಿನ ಒತ್ತಡ, ಅಂದರೆ ಚದರ ಮೀಟರಿಗೆ ಸುಮಾರು 1.5 ಟನ್, ತಳವನ್ನು ಮೇಲಕ್ಕೆ ದೂಡುತ್ತದೆ. ಕಾಂಕ್ರೀಟಿನ ಸ್ವಂತ ತೂಕವೊಂದೇ ಇದನ್ನು ಸರಿದೂಗಿಸಲು 60 ಸೆಂಟಿಮೀಟರ್ ದಪ್ಪ ಬೇಕು, ಸುರಕ್ಷತೆಯ ಅಂಶ ಬೇರೆ. ಮೇಲಿನ ಅಂತಸ್ತುಗಳ ಭಾರ ಇನ್ನೂ ಬೀಳದ ದಿನಗಳಲ್ಲೇ ಈ ಅಪಾಯ ಹೆಚ್ಚು. ಅಲ್ಲಿಯವರೆಗೆ ನೀರೆತ್ತುವುದನ್ನು ನಿಲ್ಲಿಸಬಾರದು.