ಬಿಜ್ಜಳನ ಆಳ್ವಿಕೆಯ ಆದಿ–ಅಂತ್ಯ: ತರ್ದವಾಡಿ ನಾಡಿನ ಹಿನ್ನೆಲೆಯಲ್ಲಿ ಒಂದು ಮರುಪರಿಶೀಲನೆ

ಇಂಡಿ ಸೀಮೆಯ ಇಂದಿನ ತದ್ದೇವಾಡಿಯೇ ಹಿಂದಿನ ತರ್ದವಾಡಿ. ಅಗರಖೇಡವೂ ಸೇರಿದಂತೆ ಭೀಮೆಯ ದಕ್ಷಿಣದ ಈ ಸೀಮೆ ತರ್ದವಾಡಿ ಸಾಸಿರದ ನೆಲ. ಕಲ್ಯಾಣದ ಚಾಲುಕ್ಯರ ಕೆಳಗೆ ಮಹಾಮಂಡಲೇಶ್ವರರಾಗಿದ್ದ ಮಂಗಳವೇಢೆಯ ಕಳಚುರಿಗಳು ಬೇರೂರಿದ್ದು ಇಲ್ಲಿಯೇ. ಆ ಮನೆತನದ ಎರಡನೆಯ ಬಿಜ್ಜಳ ತನ್ನ ಒಡೆಯ ಮೂರನೆಯ ತೈಲಪನನ್ನು ಬದಿಗೊತ್ತಿ ಕಲ್ಯಾಣದ ಅಧಿಕಾರ ಹಿಡಿದನೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಅವನ ಬಳಿಕ ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಆಳಿದರು. ತೈಲಪನ ಮಗ ನಾಲ್ಕನೆಯ ಸೋಮೇಶ್ವರ 1183–84ರ ಸುಮಾರಿಗೆ ರಾಜ್ಯವನ್ನು ಮರಳಿ ಪಡೆದ. ಇಷ್ಟು ಎಲ್ಲರೂ ಒಪ್ಪಿದ ಸಂಗತಿ.

ಒಪ್ಪಿಗೆಯಿಲ್ಲದಿರುವುದು ಬಿಜ್ಜಳನ ಆಳ್ವಿಕೆ ಯಾವಾಗ ಮೊದಲಾಯಿತು ಎಂಬಲ್ಲಿ. ಜೆ. ಎಫ್. ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ತಮ್ಮ ಗ್ರಂಥದಲ್ಲಿ 1156ರಿಂದ 1167 ಎಂದು ಕೊಟ್ಟರು. ಮುಂದಿನವರಲ್ಲಿ ಕೆಲವರು 1157ರ ಚಿಕ್ಕಲಗಿ ಶಾಸನದ ‘ಮಹಾಭುಜಬಲ ಚಕ್ರವರ್ತಿ’ ಎಂಬ ಬಿರುದನ್ನು ನೆಚ್ಚಿ 1157 ಎಂದರು. ಇನ್ನು ಕೆಲವರು ಪೂರ್ಣ ಸಾಮ್ರಾಟ ಪದವಿಯನ್ನು ಗಮನಿಸಿ 1162 ಎಂದರು. ಮೂವರ ಕೈಯಲ್ಲಿರುವುದೂ ಹೆಚ್ಚುಕಡಿಮೆ ಒಂದೇ ಸಾಮಗ್ರಿ. ಹಾಗಿದ್ದೂ ಐದಾರು ವರ್ಷಗಳ ಅಂತರ ಬಂದಿರುವುದಕ್ಕೆ ಕಾರಣ, ಪ್ರತಿಯೊಬ್ಬರೂ ಬೇರೆ ಬೇರೆ ಘಟನೆಯನ್ನು ಅಳೆದು ಒಂದೇ ಹೆಸರಿನಿಂದ ಕರೆದಿರುವುದು ಎಂಬುದು ನನ್ನ ವಾದ.

ಶಾಸನಗಳಿಂದ ಆಳ್ವಿಕೆಯ ಮೇರೆಯನ್ನು ದಿನದ ಮಟ್ಟಿಗೆ ಹಿಡಿಯಬಹುದಾದ ಸಂದರ್ಭ ಎಂಥದೆಂಬುದನ್ನು ಮೊದಲು ನೋಡೋಣ. ಇದೇ ಚಾಲುಕ್ಯ ವಂಶದ ಒಂದನೆಯ ಸೋಮೇಶ್ವರ ಕುರುವತ್ತಿಯಲ್ಲಿ ತುಂಗಭದ್ರೆಗೆ ದೇಹವನ್ನೊಪ್ಪಿಸಿದ್ದು ಶಕ 990, ಕೀಲಕ ಸಂವತ್ಸರ, ಚೈತ್ರ ಬಹುಳ ಅಷ್ಟಮಿ, ಆದಿತ್ಯವಾರ. ಅವನ ಮಗ ಎರಡನೆಯ ಸೋಮೇಶ್ವರನ ಪಟ್ಟಾಭಿಷೇಕ ವೈಶಾಖ ಶುದ್ಧ ಸಪ್ತಮಿ, ಶುಕ್ರವಾರ. ಪಟ್ಟಾಭಿಷೇಕದ ತಿಥಿ–ವಾರಗಳು 1068ರ ಏಪ್ರಿಲ್ 11ಕ್ಕೆ ಹೊಂದುತ್ತವೆ. ಮರಣದ ದಿನ ಮಾತ್ರ ನಮ್ಮ ಪುಸ್ತಕಗಳಲ್ಲಿ ಮಾರ್ಚ್ 29 ಎಂದೂ 30 ಎಂದೂ ಎರಡು ಬಗೆಯಾಗಿ ಬಂದಿದೆ. ಬಹುಳ ಅಷ್ಟಮಿಯಿಂದ ಶುದ್ಧ ಸಪ್ತಮಿಗೆ ಹದಿನಾಲ್ಕು ತಿಥಿಗಳ ಅಂತರವಿದೆ; ತಿಥಿ ದಿನಕ್ಕಿಂತ ಸ್ವಲ್ಪ ಚಿಕ್ಕದಾದ್ದರಿಂದ ಅದು ಹದಿಮೂರು, ಹೆಚ್ಚೆಂದರೆ ಹದಿನಾಲ್ಕು ದಿನವಾದೀತು. ಆದರೆ ಭಾನುವಾರದಿಂದ ಮುಂದಿನ ವಾರದ ಶುಕ್ರವಾರಕ್ಕೆ ಹನ್ನೆರಡೇ ದಿನ. ತಿಥಿಯನ್ನು ನಂಬಿದವರು ಶನಿವಾರ, ಮಾರ್ಚ್ 29ನ್ನು ಹಿಡಿದರು; ವಾರವನ್ನು ನಂಬಿದವರು ಮಾರ್ಚ್ 30ನ್ನು. ತಂದೆ ತೀರಿದ, ಮಗ ಪಟ್ಟವೇರಿದ, ಎರಡೂ ಶಾಸನದಲ್ಲಿ ದಾಖಲಾದ ಇಂಥ ಅನುಕೂಲ ಸಂದರ್ಭದಲ್ಲೂ ಒಂದು ದಿನದ ಅನಿಶ್ಚಯ ಉಳಿಯುತ್ತದೆ. ಜೊತೆಗೆ, ನಡುವಿನ ಸುಮಾರು ಎರಡು ವಾರ ಯಾರ ಆಳ್ವಿಕೆಗೆ ಸೇರಬೇಕೆಂಬ ಪ್ರಶ್ನೆಗೆ ಪಂಚಾಂಗದಲ್ಲಿ ಉತ್ತರವಿಲ್ಲ.

ಬಿಜ್ಜಳನ ವಿಷಯದಲ್ಲಿ ಇಂಥ ಶಾಸನವಿಲ್ಲ. ಇರುವುದು ಆಳ್ವಿಕೆಯ ವರ್ಷಗಳ ಎಣಿಕೆ. ಶಾಸನವೊಂದು ‘ಇಂತಿಷ್ಟನೆಯ ವರ್ಷದ ಇಂಥ ಸಂವತ್ಸರ’ ಎಂದರೆ ಹಿಂದಕ್ಕೆ ಎಣಿಸಿ ಮೊದಲ ವರ್ಷವನ್ನು ಕಂಡುಕೊಳ್ಳುತ್ತೇವೆ. ಚಿತ್ರಭಾನು ಸಂವತ್ಸರ (1162–63) ಏಳನೆಯ ವರ್ಷವೆಂದಾದರೆ ಮೊದಲ ವರ್ಷ ಧಾತು (1156–57). ಆರನೆಯದೆಂದಾದರೆ ಈಶ್ವರ (1157–58). ಇಲ್ಲಿ ಎರಡು ತೊಡಕುಗಳಿವೆ. ಚಾಲುಕ್ಯ ವಿಕ್ರಮ ವರ್ಷ ರೂಢಿಗೆ ಬಂದ ಬಳಿಕ ಅರಸನ ವರ್ಷವೂ ಸಾಮಾನ್ಯವಾಗಿ ಚೈತ್ರದ ಪಾಡ್ಯಕ್ಕೆ ಬದಲಾಗುತ್ತದೆಯೇ ಹೊರತು ಪಟ್ಟವೇರಿದ ದಿನಕ್ಕಲ್ಲ. ಆದ್ದರಿಂದ ಎಣಿಕೆ ಎಷ್ಟೇ ಶುದ್ಧವಾಗಿದ್ದರೂ ಅದು ಕೊಡುವುದು ಒಂದು ಸಂವತ್ಸರವನ್ನು, ದಿನವನ್ನಲ್ಲ. ಪಟ್ಟವೇರಿದ ಸಂವತ್ಸರವನ್ನೇ ಒಂದೆಂದು ಎಣಿಸಿದರೋ ಅದರ ಮುಂದಿನದನ್ನೋ ಎಂಬುದು ಬರೆದವನ ರೂಢಿಗೆ ಸೇರಿದ್ದು. 1156 ಮತ್ತು 1157ರ ನಡುವಿನ ವ್ಯತ್ಯಾಸದ ಒಂದು ಪಾಲು ಇಷ್ಟರಿಂದಲೇ ಬಂದಿರಬಹುದು.

ಎರಡನೆಯ ತೊಡಕು ಹೆಚ್ಚು ಗಂಭೀರವಾದದ್ದು. ಎಣಿಕೆಯ ಮೊದಲ ವರ್ಷ ಆ ವರ್ಷದಲ್ಲೇ ಘೋಷಣೆಯಾಗಿತ್ತೆಂದು ಫ್ಲೀಟರ ಲೆಕ್ಕ ಭಾವಿಸುತ್ತದೆ. ಅಧಿಕಾರ ಕೈಗೆ ಬಂದ ಮೇಲೆ ಅದರ ಆರಂಭವನ್ನು ಹಿಂದಕ್ಕೆ ಸರಿಸಿಕೊಳ್ಳುವುದು ಒಡೆಯನನ್ನು ತಳ್ಳಿ ಬಂದವನಿಗೆ ಬೇಕಾದ ಕೆಲಸ. ಬಿಜ್ಜಳ ಹಾಗೆ ಮಾಡಿದನೆಂದು ಹೇಳುವ ಶಾಸನ ಇಲ್ಲ, ಇರಲಾರದು ಕೂಡ. ಆದರೆ 1157ರ ನಂತರವೂ ಅವನನ್ನು ಮಹಾಮಂಡಲೇಶ್ವರನೆಂದೇ ಕರೆಯುವ ಶಾಸನಗಳಿವೆ. ತೈಲಪನ ಹೆಸರೂ ಅಳಿದಿಲ್ಲ. ಚಕ್ರವರ್ತಿಯ ಬಿರುದು ಮತ್ತು ಮಾಂಡಲಿಕನ ಪದವಿ ಒಂದೇ ಕಾಲದಲ್ಲಿ ಒಬ್ಬನಿಗೇ ಸಲ್ಲುತ್ತಿದ್ದವೆಂದರೆ, ಬಿರುದನ್ನು ಹೊಗಳಿಕೆಯಾಗಿಯೂ ಪದವಿಯನ್ನು ಸ್ಥಾನದ ಗುರುತಾಗಿಯೂ ಓದಬೇಕು. ದಾನಶಾಸನದ ಮೊದಲಿಗೆ ‘ಸಮಸ್ತಭುವನಾಶ್ರಯ’ದಿಂದ ತೊಡಗುವ ಸಾಲು ಯಾರ ಹೆಸರಿಗೆ ನಿಲ್ಲುತ್ತದೆ, ‘ತತ್ಪಾದಪದ್ಮೋಪಜೀವಿ’ ಎಂಬುದರ ಕೆಳಗೆ ಯಾರು ಬರುತ್ತಾರೆ ಎಂಬುದೇ ಇಲ್ಲಿ ನಿರ್ಣಾಯಕ. ಪ್ರಶಸ್ತಿಯ ಪದ್ಯದಲ್ಲಿ ಕವಿ ಏನನ್ನೂ ಹೇಳಬಹುದು. ಆ ಗದ್ಯದ ಸಾಲನ್ನು ಬರೆಯುವ ಸೇನಬೋವನಿಗೆ ಆ ಸ್ವಾತಂತ್ರ್ಯವಿರಲಿಲ್ಲ.

ತೈಲಪನ ಅಂತ್ಯಕ್ಕೆ ನಮಗಿರುವ ಅತ್ಯಂತ ಗಟ್ಟಿ ಸಾಕ್ಷ್ಯ ಕನ್ನಡ ನಾಡಿನ ಹೊರಗಿನದು. ಕಾಕತೀಯ ರುದ್ರನ ಅನುಮಕೊಂಡ ಶಾಸನ, ರುದ್ರನ ಭಯದಿಂದ ಅತಿಸಾರಕ್ಕೀಡಾಗಿ ತೈಲಪ ಸತ್ತನೆಂದು ಹೇಳುತ್ತದೆ. ಕಾಲ ಶಕ 1084, ಚಿತ್ರಭಾನು, ಮಾಘ ಶುದ್ಧ ತ್ರಯೋದಶಿ, ವಡ್ಡವಾರ. ಇದನ್ನು ಪೂರ್ತಿ ಪರೀಕ್ಷಿಸಬಹುದು. 1084ನ್ನು ನಡೆಯುತ್ತಿರುವ ವರ್ಷವೆಂದು ಹಿಡಿದರೆ ಮಾಘ ಶುದ್ಧ ತ್ರಯೋದಶಿ 1162ರ ಜನವರಿ 30ರ ಸುಮಾರಿಗೆ, ಮಂಗಳವಾರ ಬರುತ್ತದೆ. ಸಂವತ್ಸರವೂ ಚಿತ್ರಭಾನುವಲ್ಲ, ಅದರ ಹಿಂದಿನ ವೃಷ. ಕಳೆದ ವರ್ಷವೆಂದು ಹಿಡಿದರೆ 1163ರ ಜನವರಿ 19 ಬರುತ್ತದೆ. ಅಂದು ಶನಿವಾರ, ತಿಥಿ ತ್ರಯೋದಶಿ, ಸಂವತ್ಸರ ಚಿತ್ರಭಾನು, ಎಲ್ಲವೂ ಕೂಡುತ್ತವೆ. ವಡ್ಡವಾರ ಶನಿವಾರವೆಂಬುದನ್ನು ಈ ಶಾಸನದಿಂದಲೇ ತೆಗೆದು ಮತ್ತೆ ಇದಕ್ಕೇ ಅನ್ವಯಿಸಿದರೆ ವಾದ ಸುತ್ತಿಕೊಳ್ಳುತ್ತದೆಂಬ ಆಕ್ಷೇಪ ಬರಬಹುದು. ಇಲ್ಲಿ ಅದು ನಿಲ್ಲುವುದಿಲ್ಲ, ಏಕೆಂದರೆ ವಾರವನ್ನು ಬಿಟ್ಟರೂ ಸಂವತ್ಸರವೊಂದೇ ಎರಡು ಆಯ್ಕೆಗಳಲ್ಲಿ ಒಂದನ್ನು ತಳ್ಳಿಹಾಕುತ್ತದೆ.

ಈ ಸಾಕ್ಷ್ಯ ಎಷ್ಟನ್ನು ಹೇಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ರುದ್ರನ ಭಯವೇ ಸಾವಿಗೆ ಕಾರಣವೆಂಬುದು ಗೆದ್ದವನ ಆಸ್ಥಾನದ ಮಾತು, ಅದನ್ನು ಬದಿಗಿಡೋಣ. ಬದುಕಿದ್ದ ಅರಸನನ್ನು, ಅದೂ ನೆರೆರಾಜ್ಯದವನನ್ನು, ಸತ್ತನೆಂದು ದೇಗುಲದ ಕಲ್ಲಿನಲ್ಲಿ ಕೊರೆಸುವುದು ಸಂಭವವಲ್ಲ. ಹಾಗಾಗಿ 1163ರ ಜನವರಿ 19ರ ಹೊತ್ತಿಗೆ ತೈಲಪ ಇರಲಿಲ್ಲ. ಪ್ರತಿಷ್ಠೆಯ ದಿನಾಂಕವನ್ನು ಹೊತ್ತ ಕಲ್ಲಿಗೆ ಪ್ರಶಸ್ತಿ ಆಮೇಲೆ ಸೇರಿದ್ದರೆ ಈ ಮೇರೆ ಸಡಿಲವಾಗುತ್ತದೆ. ಶಾಸನ ಒಂದೇ ರಚನೆಯಾಗಿ ಓದಿಸಿಕೊಳ್ಳುವುದರಿಂದ ಆ ಸಂಶಯಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಆದರೆ ಸಾಯುವಾಗ ಅವನು ಅರಸನಾಗಿದ್ದನೇ ಎಂಬುದನ್ನು ಈ ಶಾಸನ ಹೇಳುವುದಿಲ್ಲ. ಸಿಂಹಾಸನ ಕಳೆದುಕೊಂಡು ಬದುಕಿದ್ದವನ ಸಾವು ಅವನ ಆಳ್ವಿಕೆಯ ಕೊನೆಯಲ್ಲ.

ಈಗ ಇದರ ಪಕ್ಕಕ್ಕೆ 1162ರ ಬಳ್ಳಿಗಾವೆಯ ಶಾಸನವನ್ನು ಇಡಬೇಕು. ಕೋಡಿಯ ಮಠದ ವಿದ್ಯಾವೈಭವವನ್ನು ಬಣ್ಣಿಸುವುದಕ್ಕೆ ಹೆಸರಾದ ಈ ಶಾಸನದಲ್ಲಿ, ದಕ್ಷಿಣದ ನಾಡುಗಳನ್ನು ಹತೋಟಿಗೆ ತರಲು ಬಂದ ಬಿಜ್ಜಳ ಬಳ್ಳಿಗಾವೆಯಲ್ಲಿ ಬೀಡುಬಿಟ್ಟ ಸಂಗತಿಯಿದೆ. ಐದಾರು ವರ್ಷಗಳ ಹಿಂದೆಯೇ ಇಡೀ ರಾಜ್ಯದ ಒಡೆಯನಾಗಿದ್ದವನು ಬನವಾಸಿ ನಾಡಿಗೆ ದಂಡೆತ್ತಿ ಬರಬೇಕಾದದ್ದು ಏಕೆ? ಬಂಡಾಯವನ್ನಡಗಿಸಲು ಎನ್ನಬಹುದು. ಆ ಉತ್ತರವನ್ನು ಅಲ್ಲಗಳೆಯುವ ಆಧಾರ ನನ್ನಲ್ಲಿಲ್ಲ. ಆದರೂ ಪೂರ್ಣ ಪದವಿ, ದಕ್ಷಿಣದ ದಂಡಯಾತ್ರೆ, ತೈಲಪನ ಕಣ್ಮರೆ ಮೂರೂ ಚಿತ್ರಭಾನುವಿನ ಆಸುಪಾಸಿಗೇ ಬಂದು ಕೂಡುವುದು ಆಕಸ್ಮಿಕವೆನಿಸುವುದಿಲ್ಲ. ಆದ್ದರಿಂದ ನನ್ನ ನಿಲುವು ಹೀಗಿದೆ: 1156–57 ಬಿಜ್ಜಳನ ವರ್ಷಗಣನೆಯ ಮೊದಲು, ಅವನು ತನ್ನ ನಾಡುಗಳಲ್ಲಿ ಒಡೆಯನ ಅಪ್ಪಣೆಗೆ ಕಾಯದೆ ನಡೆದುಕೊಳ್ಳತೊಡಗಿದ್ದರ ನೆನಪು ಅದರಲ್ಲಿರಬಹುದು. ಸಾರ್ವಭೌಮನಾಗಿ ಅವನ ಆಳ್ವಿಕೆ 1162ಕ್ಕಿಂತ ಬಹಳ ಹಿಂದಕ್ಕೆ ಹೋಗಲಾರದು. ನಡುವಿನ ವರ್ಷಗಳು ಹೆಸರಿಗೆ ತೈಲಪನವು, ಅಧಿಕಾರದಲ್ಲಿ ಇಬ್ಬರವು. ವಂಶಾವಳಿಯ ಪಟ್ಟಿಯಲ್ಲಿ ಇಬ್ಬರ ವರ್ಷಗಳೂ ಒಂದರ ಮೇಲೊಂದು ಬರುವಂತೆ ತೋರಿಸುವುದು ಸರಿ. ಒಬ್ಬನನ್ನು 1156ಕ್ಕೆ ಕತ್ತರಿಸಿ ಇನ್ನೊಬ್ಬನನ್ನು ಅಲ್ಲಿಂದ ತೊಡಗಿಸುವುದು ಶಾಸನಗಳು ಹೇಳದ ಮಾತು.

ಈ ನಿಲುವು ಸುಳ್ಳಾಗುವುದು ಯಾವಾಗ ಎಂಬುದನ್ನೂ ಹೇಳಬೇಕು. ಧಾತು ಅಥವಾ ಈಶ್ವರ ಸಂವತ್ಸರದ, ಆ ಕಾಲದಲ್ಲೇ ಕೊರೆದದ್ದೆಂದು ಲಿಪಿಯಿಂದ ಖಚಿತವಾಗುವ ಶಾಸನವೊಂದು ಬಿಜ್ಜಳನನ್ನು ಪೂರ್ಣ ಪದವಿಯೊಂದಿಗೆ ಮೇಲಿಟ್ಟು, ತೈಲಪನನ್ನು ಹೆಸರಿಸದೆ, ಅದನ್ನೇ ಮೊದಲ ಅಥವಾ ಎರಡನೆಯ ವರ್ಷವೆಂದು ಎಣಿಸಿದ್ದರೆ, ಹಿಂದಕ್ಕೆ ಸರಿಸಿಕೊಂಡ ಎಣಿಕೆಯೆಂಬ ನನ್ನ ಊಹೆ ಬೀಳುತ್ತದೆ. ಅಂಥದೊಂದು ತರ್ದವಾಡಿಯಲ್ಲಿ ಮಾತ್ರ ಸಿಕ್ಕರೆ ತೀರ್ಮಾನ ಅಷ್ಟು ಸುಲಭವಲ್ಲ. ಸ್ವಂತ ನಾಡಿನ ಅಧಿಕಾರಿಗಳು ತಮ್ಮ ದೊರೆಯ ವರ್ಷವನ್ನು ಬೇರೆಯವರಿಗಿಂತ ಮೊದಲೇ ಎಣಿಸತೊಡಗಿರಬಹುದು. ಬನವಾಸಿಯಲ್ಲೋ ನೊಳಂಬವಾಡಿಯಲ್ಲೋ ಸಿಕ್ಕರೆ ಅದರ ತೂಕವೇ ಬೇರೆ.

ಕೊನೆಯ ದಿನಾಂಕದ ಸಮಸ್ಯೆಯೂ ಇದೇ ಬಗೆಯದು. ಸೋವಿದೇವನ ಆಳ್ವಿಕೆಯ ಆರಂಭವನ್ನು ಸರ್ವಜಿತು ಸಂವತ್ಸರಕ್ಕೆ (1167–68) ಇಡುವುದು ವಾಡಿಕೆ. ಇದರಿಂದ ಬಿಜ್ಜಳನ ಮರಣವನ್ನೂ ಆ ವರ್ಷಕ್ಕೇ ಇಟ್ಟುಬಿಡುತ್ತೇವೆ. ವೀರಶೈವ ಪರಂಪರೆ ಜಗದೇವ, ಮೊಲ್ಲೆಬೊಮ್ಮರಿಂದ ಅವನ ಕೊಲೆಯಾಯಿತೆನ್ನುತ್ತದೆ. ಜೈನರ ಬಿಜ್ಜಳರಾಯ ಚರಿತೆ ಭೀಮಾತೀರದ ಬೀಡಿನಲ್ಲಿ ವಿಷದ ಹಣ್ಣಿನಿಂದ ಸತ್ತನೆನ್ನುತ್ತದೆ. ಎರಡೂ ಶತಮಾನಗಳ ಬಳಿಕ ಗ್ರಂಥಸ್ಥವಾದ ಕಥನಗಳು. ಸಾವಿನ ರೀತಿಯಲ್ಲೇ ಒಂದನ್ನೊಂದು ಒಪ್ಪದವು. ಬಿಜ್ಜಳ ಬದುಕಿದ್ದಾಗಲೇ ಮಗನಿಗೆ ರಾಜ್ಯವನ್ನೊಪ್ಪಿಸಿದನೆಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಅದು ನಿಜವಾದರೆ ಸೋವಿದೇವನ ಮೊದಲ ವರ್ಷ ತಂದೆಯ ಅಧಿಕಾರ ಕೊನೆಗೊಂಡದ್ದನ್ನು ತಿಳಿಸುತ್ತದೆ, ಮರಣವನ್ನಲ್ಲ. ಕಲ್ಯಾಣದ ಕ್ರಾಂತಿಯ ಘಟನೆಗಳನ್ನು ಮರಣದ ವರ್ಷಕ್ಕೆ ಗಂಟುಹಾಕಿ ದಿನಗಳನ್ನು ಹೊಂದಿಸುವವರು ಈ ವ್ಯತ್ಯಾಸವನ್ನು ದಾಟಿ ಮುಂದೆ ಹೋಗುವಂತಿಲ್ಲ.

ಸಂಕಮ, ಆಹವಮಲ್ಲ, ಸಿಂಘಣರ ವರ್ಷಗಳು ಒಂದರೊಳಗೊಂದು ಸೇರಿಕೊಂಡಿವೆಯೇ, ಅಣ್ಣತಮ್ಮಂದಿರು ಕೂಡಿ ಆಳಿದರೇ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿಲ್ಲ. ಶಕ 1105ರ ಶೋಭಕೃತು ಸಂವತ್ಸರದ ಸಿಂಘಣನ ಬೆಹಟ್ಟಿ ತಾಮ್ರಪಟ ಮತ್ತು ನಾಲ್ಕನೆಯ ಸೋಮೇಶ್ವರನ ಮೊದಲ ಶಾಸನಗಳು ಬಹಳ ಹತ್ತಿರದ ಕಾಲದವು. ಅವುಗಳಿಗೂ ಇದೇ ಪರೀಕ್ಷೆ ಆಗಬೇಕು. ಅದಕ್ಕೆ ಮುನ್ನ ಆಗಬೇಕಾದದ್ದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಧಾತುವಿನಿಂದ ಚಿತ್ರಭಾನುವಿನವರೆಗಿನ ಏಳು ಸಂವತ್ಸರಗಳ ಶಾಸನಗಳನ್ನು ಕಾಲಕ್ರಮದಲ್ಲಲ್ಲದೆ ನಾಡುನಾಡಾಗಿ ಬೇರ್ಪಡಿಸಿ, ಪ್ರತಿಯೊಂದರಲ್ಲೂ ಮೇಲಿನ ಸಾಲಿನಲ್ಲಿ ಯಾರ ಹೆಸರಿದೆಯೆಂದು ಮೂಲದ ಪಡಿಯಚ್ಚಿನಿಂದಲೇ ಮತ್ತೊಮ್ಮೆ ಓದುವ ಕೆಲಸ.