ಪುಟದ ತಳದಲ್ಲಿರುವ ಹೆಸರು: ಆನ್‌ಲೈನ್ ಅಂಗಡಿಯ ನೋಂದಣಿ, ತೆರಿಗೆ ಮತ್ತು ರೀಫಂಡ್ ವಿವರಗಳ ಒಂದು ಪರಿಶೀಲನೆ

ಜಿಎಸ್‌ಟಿ ನಿಯಮಾವಳಿಯ 18ನೇ ನಿಯಮದ ಪ್ರಕಾರ ನೋಂದಾಯಿತ ವ್ಯಾಪಾರಿ ತನ್ನ ನೋಂದಣಿ ಪತ್ರವನ್ನು ಅಂಗಡಿಯಲ್ಲಿ ಎದ್ದು ಕಾಣುವಂತೆ ಹಾಕಬೇಕು. ಬಾಗಿಲ ಬಳಿಯ ಬೋರ್ಡಿನ ಮೇಲೆ ನೋಂದಣಿ ಸಂಖ್ಯೆಯನ್ನೂ ಬರೆಸಬೇಕು. ಇಳಕಲ್ಲಿನ ಪೇಟೆಯಲ್ಲಿ ಆ ಸಂಖ್ಯೆ ಓದಿಕೊಂಡು ಸೀರೆ ಕೊಳ್ಳುವವರು ಸಿಗುವುದು ಕಷ್ಟ. ಅಂಗಡಿ ನಾಳೆಯೂ ಅಲ್ಲೇ ಇರುತ್ತದೆ, ಮಾಲೀಕರು ಯಾರೆಂದು ಪಕ್ಕದ ಅಂಗಡಿಯವರಿಗೆ ಗೊತ್ತಿರುತ್ತದೆ, ಸೆರಗನ್ನು ಕೈಯಲ್ಲಿ ಹಿಡಿದು ನೋಡಬಹುದು. ಅದೇ ಸೀರೆ ವೆಬ್‌ಸೈಟಿಗೆ ಬಂದರೆ ಈ ಮೂರೂ ಇಲ್ಲವಾಗುತ್ತವೆ. ಆಗ ಬೋರ್ಡಿನ ಮೇಲೆ ಯಾರೂ ಓದದಿದ್ದ ಸಂಖ್ಯೆಗೆ ಮೊದಲ ಬಾರಿಗೆ ಕೆಲಸ ಬರುತ್ತದೆ.

ಆದರೆ ಸಂಖ್ಯೆಯನ್ನು ತೋರಿಸಿದ ಮಾತ್ರಕ್ಕೆ ನಂಬಿಕೆ ಹುಟ್ಟಬೇಕೇ? ಮಾಲಿನ ಗುಣ ಮಾರುವವನಿಗೆ ಮಾತ್ರ ಗೊತ್ತಿದ್ದು ಕೊಳ್ಳುವವನಿಗೆ ತಿಳಿಯದಿದ್ದರೆ, ಒಳ್ಳೆಯ ಮಾಲೇ ಮಾರುಕಟ್ಟೆಯಿಂದ ಹೊರಬೀಳುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ತೋರಿಸಿದರು. ಇದಕ್ಕೆ ಮದ್ದಾಗಬಲ್ಲ ಸಂಕೇತ ಎಂಥದ್ದಿರಬೇಕೆಂಬ ಚರ್ಚೆಯನ್ನು 1973ರಲ್ಲಿ ಮುಂದಕ್ಕೆ ಒಯ್ದವರು ಮೈಕೆಲ್ ಸ್ಪೆನ್ಸ್. ಪ್ರಾಮಾಣಿಕನಿಗೆ ಅಗ್ಗವಾಗಿಯೂ ಮೋಸಗಾರನಿಗೆ ದುಬಾರಿಯಾಗಿಯೂ ಇರುವ ಸಂಕೇತಕ್ಕೆ ಮಾತ್ರ ಬೆಲೆ. ಈ ಅಳತೆಗೋಲಿನಲ್ಲಿ ನೋಡಿದರೆ ಸೈಟುಗಳಲ್ಲಿ ಮಿನುಗುವ ‘ವಿಶ್ವಾಸಾರ್ಹ’ ಮುದ್ರೆಗಳು ಸೋಲುತ್ತವೆ. ಅಮೆರಿಕದ ಸಂಶೋಧಕ ಬೆಂಜಮಿನ್ ಎಡೆಲ್‌ಮನ್ ಪರೀಕ್ಷಿಸಿದಾಗ, ‘ಟ್ರಸ್ಟ್-ಇ’ ಎಂಬ ಸಂಸ್ಥೆಯ ಮುದ್ರೆ ಪಡೆದಿದ್ದ ಸೈಟುಗಳು ಮುದ್ರೆ ಇಲ್ಲದವುಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ನಂಬಿಕೆಗೆ ಅನರ್ಹವೆಂದು ಕಂಡುಬಂದವು. ಸಡಿಲ ತಪಾಸಣೆಯಲ್ಲಿ ಸಿಗುವ ಮುದ್ರೆಗೆ ಮೊದಲು ಕೈಚಾಚುವವರು ಅದರ ಅಗತ್ಯ ಹೆಚ್ಚಿರುವವರೇ.

ಜಿಎಸ್‌ಟಿ ಸಂಖ್ಯೆಯನ್ನೂ ಬೇರೆಯವರ ಬಿಲ್ಲಿನಿಂದ ಎತ್ತಿ ಹಾಕಿಕೊಳ್ಳಬಹುದು, ಅದಕ್ಕೇನೂ ಖರ್ಚಿಲ್ಲ. ಆದರೂ ಅದು ಮುದ್ರೆಗಿಂತ ಮೇಲು. ಯಾರು ಬೇಕಾದರೂ ಸರ್ಕಾರದ ಪೋರ್ಟಲಿನಲ್ಲಿ ಅದನ್ನು ತಾಳೆ ನೋಡಬಹುದು. ಈ ಲೇಖನದ ವಾದವೂ ಇಷ್ಟೇ: ಗ್ರಾಹಕರ ನಂಬಿಕೆಗೆ ಆಧಾರವಾಗಬೇಕಾದದ್ದು ಪ್ರದರ್ಶನವಲ್ಲ, ತಾಳೆ. ಸೈಟಿನ ತಳದಲ್ಲಿರುವ ಹೆಸರು, ಪೋರ್ಟಲಿನಲ್ಲಿರುವ ಹೆಸರು ಮತ್ತು ಹಣ ಕಟ್ಟುವಾಗ ಪರದೆಯ ಮೇಲೆ ಬರುವ ಹೆಸರು ಒಂದಕ್ಕೊಂದು ಕೂಡಿಬರಬೇಕು.

ಮೊದಲು ಕಾನೂನು. ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಜುಲೈ 2020ರಲ್ಲಿ ಜಾರಿಗೆ ಬಂದವು. ಇವುಗಳ ಪ್ರಕಾರ ಆನ್‌ಲೈನ್ ಅಂಗಡಿ ತನ್ನ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ಗ್ರಾಹಕ ಸೇವೆಯ ಮತ್ತು ಕುಂದುಕೊರತೆ ಅಧಿಕಾರಿಯ ಸಂಪರ್ಕ ವಿವರಗಳನ್ನು ಎದ್ದು ಕಾಣುವಂತೆ ಕೊಡಬೇಕು. ದೂರು ಬಂದ 48 ಗಂಟೆಯೊಳಗೆ ಅದು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅಂಗಡಿ ಕಂಪನಿಯಾಗಿದ್ದರೆ ಇನ್ನೊಂದು ಹೊರೆಯಿದೆ. 2014ರ ಕಂಪನಿ ನೋಂದಣಿ ನಿಯಮಗಳ 26ನೇ ನಿಯಮವು ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಮತ್ತು 21 ಅಕ್ಷರಗಳ ಕಂಪನಿ ಗುರುತಿನ ಸಂಖ್ಯೆಯನ್ನು ಸೈಟಿನ ಮುಖಪುಟದಲ್ಲೇ ಕೇಳುತ್ತದೆ. ವಿಚಿತ್ರವೆಂದರೆ, ಅಮೆಜಾನಿನಂಥ ಮಾರುಕಟ್ಟೆ ತಾಣದಲ್ಲಿ ಮಾರುವವರು ತಮ್ಮ ಜಿಎಸ್‌ಟಿ ಸಂಖ್ಯೆಯನ್ನು ಆ ತಾಣಕ್ಕೆ ಒಪ್ಪಿಸಬೇಕೆಂದು ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ಸ್ವಂತ ಸೈಟಿನಲ್ಲಿ ಮಾರುವವರು ಅದನ್ನು ಪುಟದ ಮೇಲೆ ತೋರಿಸಲಿ ಎಂದು ನೇರವಾಗಿ ಹೇಳುವುದಿಲ್ಲ. ಗುರುತು ಹೆಚ್ಚು ಬೇಕಾದ ಕಡೆಯೇ ಈ ಸಡಿಲ.

ಜಿಎಸ್‌ಟಿ ಸಂಖ್ಯೆಯ ಹದಿನೈದು ಅಕ್ಷರಗಳು ಸುಮ್ಮನೆ ಜೋಡಿಸಿದವಲ್ಲ. ಮೊದಲ ಎರಡು ಅಂಕಿ ರಾಜ್ಯದವು, ಕರ್ನಾಟಕಕ್ಕೆ `29`. ಮುಂದಿನ ಹತ್ತು ಅಕ್ಷರಗಳು ವ್ಯಾಪಾರಿಯ ಪ್ಯಾನ್. ಪ್ಯಾನಿನ ನಾಲ್ಕನೆಯ ಅಕ್ಷರ, ಅಂದರೆ ಜಿಎಸ್‌ಟಿ ಸಂಖ್ಯೆಯ ಆರನೆಯದು, ಯಜಮಾನಿಕೆ ಯಾರದೆಂದು ಹೇಳಿಬಿಡುತ್ತದೆ: `P` ಇದ್ದರೆ ಒಬ್ಬ ವ್ಯಕ್ತಿ, `F` ಪಾಲುದಾರಿಕೆ ಸಂಸ್ಥೆ, `C` ಕಂಪನಿ. ಸೈಟಿನ ತಳದಲ್ಲಿ ‘ಪ್ರೈವೇಟ್ ಲಿಮಿಟೆಡ್’ ಎಂದು ದೊಡ್ಡದಾಗಿ ಬರೆದು, ಸಂಖ್ಯೆಯ ಆರನೆಯ ಜಾಗದಲ್ಲಿ `P` ಇದ್ದರೆ ಪೋರ್ಟಲಿಗೆ ಹೋಗುವ ಮೊದಲೇ ಅನುಮಾನ ಪಡಬಹುದು. ಕೊನೆಯ ಅಕ್ಷರ ತಾಳೆಯ ಅಕ್ಷರ; ಬರೆಯುವಾಗ ಆದ ಒಂದು ಅಂಕಿಯ ತಪ್ಪನ್ನು ಅದು ಹಿಡಿಯುತ್ತದೆ. ಸಂಖ್ಯೆ ಯಾರದೆಂದು ಮಾತ್ರ ಅದು ಹೇಳಲಾರದು.

ಅದಕ್ಕೆ ಪೋರ್ಟಲೇ ಬೇಕು. gst.gov.in ತಾಣದ `Search Taxpayer` ಪುಟಕ್ಕೆ ಲಾಗಿನ್ ಬೇಕಿಲ್ಲ. ಸಂಖ್ಯೆ ಹಾಕಿದರೆ ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ನೋಂದಣಿಯ ದಿನಾಂಕ, ಮುಖ್ಯ ಸ್ಥಳ ಮತ್ತು ಸ್ಥಿತಿ ಕಾಣುತ್ತವೆ. ಸ್ಥಿತಿಯ ಜಾಗದಲ್ಲಿ `Active` ಇರಬೇಕು. `Suspended` ಅಥವಾ `Cancelled` ಎಂದು ಬಂದರೂ ಆ ಸಂಖ್ಯೆಯನ್ನು ಸೈಟಿನಿಂದ ತೆಗೆಯದ ಅಂಗಡಿಗೆ ಹಣ ಕಳಿಸಬಾರದು. ದಿನಾಂಕದ ವಿಷಯದಲ್ಲಿ ಮಾತ್ರ ಆತುರ ಬೇಡ. ಜಿಎಸ್‌ಟಿ ಹುಟ್ಟಿದ್ದೇ 1 ಜುಲೈ 2017ರಂದು, ಹಾಗಾಗಿ ಮೂರು ತಲೆಮಾರಿನ ಅಂಗಡಿಗೂ ಅದಕ್ಕಿಂತ ಹಳೆಯ ದಿನಾಂಕ ಇರುವುದಿಲ್ಲ.

ತಾಳೆ ತಪ್ಪುವುದೆಲ್ಲ ಮೋಸವಲ್ಲ. ಇಲ್ಲಿ ಒಂದು ಕಲ್ಪಿತ ಉದಾಹರಣೆ ನೋಡಬಹುದು. ಇಳಕಲ್ಲಿನ ಮಹಿಳೆಯೊಬ್ಬರು ‘ತೋಪು ತೆನಿ ಸೀರೆ ಮನೆ’ ಎಂಬ ಹೆಸರಿನಲ್ಲಿ ಸೈಟು ತೆರೆದಿದ್ದಾರೆ. ಅದು ಒಬ್ಬರೇ ಮಾಲೀಕರಿರುವ ವ್ಯವಹಾರವಾದ್ದರಿಂದ ಪೋರ್ಟಲಿನ ಕಾನೂನುಬದ್ಧ ಹೆಸರಿನ ಜಾಗದಲ್ಲಿ ಅವರ ಸ್ವಂತ ಹೆಸರೇ ಬರುತ್ತದೆ. ಸೈಟಿನಲ್ಲಿ ಅಂಗಡಿಯ ಹೆಸರಷ್ಟೇ ಇದೆ. ಯುಪಿಐ ಮೂಲಕ ಹಣ ಕಟ್ಟಲು ಹೋದ ಪುಣೆಯ ಗ್ರಾಹಕಿಗೆ ಪರದೆಯ ಮೇಲೆ ಬ್ಯಾಂಕ್ ಖಾತೆಯಲ್ಲಿರುವ ಮೂರನೆಯ ಹೆಸರು, ಅವರ ಗಂಡನದು, ಕಾಣುತ್ತದೆ. ಯಾರೂ ಮೋಸ ಮಾಡಿಲ್ಲ. ಆದರೂ ಗ್ರಾಹಕಿ ಹಿಂದೆ ಸರಿಯುತ್ತಾಳೆ, ಸರಿಯುವುದೇ ನ್ಯಾಯ. ಇದಕ್ಕೆ ಪರಿಹಾರ ಸಣ್ಣದು: ವ್ಯವಹಾರದ ಹೆಸರಿನಲ್ಲೇ ಚಾಲ್ತಿ ಖಾತೆ ತೆರೆದು, ಸೈಟಿನ ತಳದಲ್ಲಿ ಅಂಗಡಿಯ ಹೆಸರಿನ ಜೊತೆಗೆ ಮಾಲೀಕರ ಹೆಸರು, ಓಣಿಯ ಸಮೇತ ವಿಳಾಸ, ಜಿಎಸ್‌ಟಿ ಸಂಖ್ಯೆ ಮತ್ತು ಪೋರ್ಟಲಿನ ಕೊಂಡಿ ಹಾಕುವುದು. ಸಂಖ್ಯೆಯನ್ನು ಚಿತ್ರವಾಗಿ ಹಾಕದೆ ನಕಲು ಮಾಡಿಕೊಳ್ಳಲು ಬರುವ ಅಕ್ಷರಗಳಲ್ಲಿ ಹಾಕಬೇಕು. ಹದಿನೈದು ಅಕ್ಷರ ನೋಡಿಕೊಂಡು ಟೈಪ್ ಮಾಡುವ ತಾಳ್ಮೆ ಕೊಳ್ಳುವವರಿಗಿರುವುದಿಲ್ಲ.

ನೋಂದಣಿಯೇ ಇಲ್ಲದ ನೇಕಾರರ ಪಾಡೇನು? ರಾಜ್ಯದೊಳಗೆ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ತನಕ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ರಾಜ್ಯದ ಹೊರಗೆ ಸರಕು ಕಳಿಸುವವರಿಗೆ ಈ ಮಿತಿ ಇಲ್ಲ, ಮೊದಲ ಮಾರಾಟಕ್ಕೇ ನೋಂದಣಿ ಬೇಕು. ಕರಕುಶಲ ಸರಕುಗಳಿಗೆ ಮಾತ್ರ ಕೆಲವು ಷರತ್ತುಗಳ ಮೇಲೆ ವಿನಾಯಿತಿಯಿದೆ. ಹಾಗಾಗಿ ಸಂಖ್ಯೆ ಇಲ್ಲದಿರುವುದೇ ತಪ್ಪಲ್ಲ. ‘ಜಿಎಸ್‌ಟಿ ನೋಂದಣಿ ಇಲ್ಲ, ಬಿಲ್ಲಿನಲ್ಲಿ ತೆರಿಗೆ ವಸೂಲು ಮಾಡುವುದಿಲ್ಲ’ ಎಂದು ನೇರವಾಗಿ ಬರೆದ ಅಂಗಡಿ, ಸುಳ್ಳು ಸಂಖ್ಯೆ ಹಾಕಿದ ಅಂಗಡಿಗಿಂತ ಎಷ್ಟೋ ಮೇಲು. ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲ. ಆದ್ದರಿಂದ ಸಂಖ್ಯೆ ಇಲ್ಲದ ಬಿಲ್ಲಿನಲ್ಲಿ ಜಿಎಸ್‌ಟಿಯ ಸಾಲು ಕಂಡರೆ ಆ ಬಿಲ್ಲೇ ದೂರಿಗೆ ಸಾಕ್ಷಿ. ಅನೇಕರು ತೋರಿಸುವ ‘ಉದ್ಯಮ್’ ನೋಂದಣಿ ಉಚಿತ, ಸ್ವಯಂಘೋಷಣೆಯ ಮೇಲೆ ಸಿಗುವಂಥದ್ದು. ಅದು ಗುಣಮಟ್ಟದ ಪ್ರಮಾಣಪತ್ರವಲ್ಲ.

ರೀಫಂಡ್ ಷರತ್ತಿನ ಕಥೆ ಬೇರೆ. ಯುರೋಪಿನ ಒಕ್ಕೂಟದಲ್ಲಿ ಆನ್‌ಲೈನಿನಲ್ಲಿ ಕೊಂಡ ಬಹುತೇಕ ವಸ್ತುಗಳನ್ನು 14 ದಿನದೊಳಗೆ ಕಾರಣ ಕೊಡದೆ ಮರಳಿಸುವ ಹಕ್ಕಿದೆ. ಭಾರತದಲ್ಲಿ ಅಂಥ ಸಾಮಾನ್ಯ ಹಕ್ಕಿಲ್ಲ. ‘ಮನಸ್ಸಿಗೆ ಹಿಡಿಸಲಿಲ್ಲ’ ಎಂಬ ಕಾರಣಕ್ಕೆ ಸೀರೆ ವಾಪಸ್ ತೆಗೆದುಕೊಳ್ಳುವುದು ಬಿಡುವುದು ಅಂಗಡಿಯವರ ಇಚ್ಛೆ. ಆದ್ದರಿಂದಲೇ ಅವರು ಬರೆದ ಷರತ್ತು ಅವರ ಬಗ್ಗೆ ಏನನ್ನೋ ಹೇಳುತ್ತದೆ. ಆದರೆ ವಸ್ತು ದೋಷಪೂರಿತವೋ ನಕಲಿಯೋ ಆಗಿದ್ದರೆ, ವಿವರಣೆಗೆ ಹೊಂದದಿದ್ದರೆ ಅಥವಾ ಹೇಳಿದ ಅವಧಿ ಮೀರಿ ಬಂದಿದ್ದರೆ ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ‘ನೋ ರಿಟರ್ನ್’ ಎಂಬ ಫಲಕ ಇದನ್ನು ಅಳಿಸಲಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವಿನ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಮರಳಿಸದಿರುವುದು ಅನುಚಿತ ವ್ಯಾಪಾರ ಪದ್ಧತಿ.

ಮೇಲಿನ ಅಂಗಡಿಯ ಲೆಕ್ಕವನ್ನೇ ಮುಂದುವರಿಸಬಹುದು. ಸೀರೆಯ ಬೆಲೆ ತೆರಿಗೆ ಸೇರಿ 4,200 ರೂಪಾಯಿ. ಶೇ. 5ರ ದರದಲ್ಲಿ ಮೂಲ ಬೆಲೆ 4,000, ತೆರಿಗೆ 200. ಪುಣೆಗೆ ಹೋದರೆ ಈ 200 ಐಜಿಎಸ್‌ಟಿ, ಮೈಸೂರಿಗೆ ಹೋದರೆ ಕೇಂದ್ರ ಮತ್ತು ರಾಜ್ಯಕ್ಕೆ ತಲಾ 100. ಸೀರೆಯಲ್ಲಿ ನೇಯ್ಗೆಯ ದೋಷ ಕಂಡು ಗ್ರಾಹಕಿ ವಾಪಸ್ ಕಳಿಸಿದಾಗ, ‘ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಿಬಿಟ್ಟಿದ್ದೇವೆ, 4,000 ಮಾತ್ರ ಕೊಡುತ್ತೇವೆ’ ಎಂಬ ಉತ್ತರ ಬರುವುದುಂಟು. ಕೇಳಲು ನ್ಯಾಯವೆನಿಸುವ ಈ ಮಾತು ಸರಿಯಲ್ಲ. ಮಾಲು ಹಿಂದಕ್ಕೆ ಬಂದಾಗ ವ್ಯಾಪಾರಿ ಕ್ರೆಡಿಟ್ ನೋಟ್ ಬರೆದು, ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಆ 200 ರೂಪಾಯಿಯನ್ನು ತನ್ನ ತೆರಿಗೆ ಬಾಕಿಯಿಂದ ಕಳೆದುಕೊಳ್ಳಬಹುದು. ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರ ತನಕವೂ ಇದಕ್ಕೆ ಅವಕಾಶವಿದೆ. ತೆರಿಗೆ ಹಿಡಿದುಕೊಂಡು ರೀಫಂಡ್ ಕೊಟ್ಟವರು ಆ 200ನ್ನು ಗ್ರಾಹಕಿಯಿಂದಲೂ ಸರ್ಕಾರದಿಂದಲೂ ಎರಡು ಬಾರಿ ಪಡೆದಂತೆ.

ಹಾಗಾದರೆ ಒಳ್ಳೆಯ ಷರತ್ತು ಹೇಗಿರುತ್ತದೆ? ‘ಸುಲಭ ರಿಟರ್ನ್’ ಎಂಬ ಎರಡು ಪದ ಏನನ್ನೂ ಹೇಳುವುದಿಲ್ಲ. ‘ಸೀರೆ ಕೈಸೇರಿದ ದಿನದಿಂದ 7 ದಿನದೊಳಗೆ ತಿಳಿಸಿ. ದೋಷವಿದ್ದರೆ ವಾಪಸ್ ಕಳಿಸುವ ಕೊರಿಯರ್ ಖರ್ಚು ನಮ್ಮದು, ಹಿಡಿಸದಿದ್ದರೆ ನಿಮ್ಮದು. ಸೀರೆ ನಮಗೆ ತಲುಪಿದ 5 ಕೆಲಸದ ದಿನಗಳಲ್ಲಿ ತೆರಿಗೆ ಸೇರಿದ ಪೂರ್ತಿ ಹಣ, ನೀವು ಕಟ್ಟಿದ ದಾರಿಯಲ್ಲೇ ಮರಳುತ್ತದೆ. ಫಾಲ್ ಹಚ್ಚಿದ, ಬ್ಲೌಸ್ ಕತ್ತರಿಸಿದ ಸೀರೆಯನ್ನು ದೋಷವಿಲ್ಲದೆ ವಾಪಸ್ ಪಡೆಯುವುದಿಲ್ಲ.’ ದಿನದ ಎಣಿಕೆ ಎಲ್ಲಿಂದ ಶುರು, ಖರ್ಚು ಯಾರದು, ಹಣ ಎಲ್ಲಿಗೆ ಬರುತ್ತದೆ ಎಂಬ ಮೂರಕ್ಕೂ ಇದರಲ್ಲಿ ಉತ್ತರವಿದೆ. ಕೊನೆಯ ಪ್ರಶ್ನೆಗೆ ರಿಸರ್ವ್ ಬ್ಯಾಂಕಿನ ಬೆಂಬಲವೂ ಉಂಟು. ಪಾವತಿ ಮಧ್ಯವರ್ತಿ ಸಂಸ್ಥೆಗಳಿಗೆ ಅದು ಕೊಟ್ಟ ಮಾರ್ಗಸೂಚಿಯಲ್ಲಿ, ಗ್ರಾಹಕ ಬೇರೆ ದಾರಿಗೆ ಒಪ್ಪದ ಹೊರತು ರೀಫಂಡ್ ಮೂಲ ಪಾವತಿಯ ದಾರಿಯಲ್ಲೇ ಹೋಗಬೇಕೆಂದಿದೆ. ಮರಳಿಸುವ ಕಾಲಾವಧಿ ವ್ಯಾಪಾರಿಯ ಸೈಟಿನಲ್ಲಿ ಸ್ಪಷ್ಟವಾಗಿರಬೇಕೆಂದೂ ಇದೆ. ‘ಹಣದ ಬದಲು ಕೂಪನ್ ಕೊಡುತ್ತೇವೆ’ ಎನ್ನುವವರಿಗೆ ಗ್ರಾಹಕರು ಇದನ್ನು ನೆನಪಿಸಬಹುದು.

ಉದಾರ ಷರತ್ತು ಹಾಕಿದರೆ ವಾಪಸ್ ಬರುವ ಮಾಲೇ ಹೆಚ್ಚಾದೀತು ಎಂಬ ಅಂಗಡಿಯವರ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. ಆದರೆ ನಾರಾಯಣ್ ಜಾನಕಿರಾಮನ್ ಮತ್ತು ಸಂಗಡಿಗರು ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿ 2016ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಷರತ್ತಿನ ಉದಾರತೆ ವಾಪಸಾತಿಯನ್ನು ಹೆಚ್ಚಿಸುವುದಕ್ಕಿಂತ ಖರೀದಿಯನ್ನೇ ಹೆಚ್ಚಿಸುತ್ತದೆ. ಖರೀದಿ ಹೆಚ್ಚುವುದು ಹಣ ಪೂರ್ತಿ ಮರಳುವಾಗ ಮತ್ತು ವಾಪಸ್ ಕಳಿಸುವ ತೊಡಕು ಕಡಿಮೆಯಿದ್ದಾಗ. ಗಡುವನ್ನು ಉದ್ದ ಮಾಡಿದಾಗ ವಾಪಸಾತಿ ಕಡಿಮೆಯಾಗುವುದು ಕಂಡುಬಂದಿದೆ.

ಇವೆಲ್ಲ ಸರಿಯಿದ್ದೂ ಜಗಳವಾದರೆ 1915 ಸಹಾಯವಾಣಿಯಿದೆ, ಗ್ರಾಹಕರ ಆಯೋಗವಿದೆ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿಯ ತನಕ ಶುಲ್ಕವಿಲ್ಲ. ಆದರೆ ದೂರಿನಲ್ಲಿ ಎದುರುದಾರರ ಹೆಸರು ಮತ್ತು ವಿಳಾಸ ಬರೆಯಬೇಕು, ನೋಟಿಸು ಹೋಗಬೇಕಾದದ್ದು ಅವರಿಗೇ. ಸೈಟಿನಲ್ಲಿ ವಾಟ್ಸಾಪ್ ನಂಬರ್ ಒಂದೇ ಇದ್ದರೆ ಪ್ರಕರಣ ಅಲ್ಲೇ ತೊಡರುತ್ತದೆ. ಆದ್ದರಿಂದ ಇ-ವಾಣಿಜ್ಯ ನಿಯಮಗಳ ಮುಂದಿನ ತಿದ್ದುಪಡಿಯಲ್ಲಿ, ಸ್ವಂತ ಸೈಟಿನಲ್ಲಿ ಮಾರುವವರು ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲಿನ ಕೊಂಡಿಯೊಂದಿಗೆ ತೋರಿಸಬೇಕು, ನೋಂದಣಿ ಇಲ್ಲದವರು ಅದನ್ನು ಬಾಯಿಬಿಟ್ಟು ಹೇಳಬೇಕು ಎಂಬ ಒಂದು ಸಾಲನ್ನು ಸೇರಿಸುವುದು ಅಗತ್ಯ.