‘ಮುನ್ನ’ದ ಹಿಂದಿನ ನಿಷೇಧ: ಒಂದು ಕಾಲವಾಚಕ ರಚನೆಯ ಮರುವಿಚಾರ

ಮುಪ್ಪು ಬರುವುದರೊಳಗೆ ಕೂಡಲಸಂಗಮದೇವನನ್ನು ಪೂಜಿಸು ಎನ್ನುವ ಬಸವಣ್ಣನವರ ಪ್ರಸಿದ್ಧ ವಚನದಲ್ಲಿ ‘ಮುನ್ನ’ ಮತ್ತೆ ಮತ್ತೆ ಬರುತ್ತದೆ. ಅದರ ಹಿಂದೆ ಪ್ರತಿ ಸಲವೂ ಇರುವುದು ನಿಷೇಧ ಕೃದಂತ. ಇಂದು ನಾವು ‘ಕತ್ತಲಾಗುವ ಮುನ್ನ’ ಎನ್ನುವ ಕಡೆ ಅಲ್ಲಿ ‘ಕತ್ತಲಾಗದ ಮುನ್ನ’ ಎಂಬ ಬಗೆಯ ರಚನೆಯಿದೆ.

ಈ ‘-ದ’ ಎಚ್ಚರಿಕೆಯನ್ನು ಸೂಚಿಸುತ್ತದೆ, ‘ಹಾಗಾಗದಿರಲಿ’ ಎಂಬ ಆಶಯ ಅದರಲ್ಲಿದೆ ಎಂಬ ವಿವರಣೆ ತರಗತಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಇದನ್ನು ಒಪ್ಪಲಾಗದು. ಆ ವಚನ ಹೇಳುವ ಮುಪ್ಪು, ಸಾವುಗಳು ಬಂದೇ ಬರುತ್ತವೆ; ಪೂಜೆಯಿಂದ ಅವು ತಪ್ಪುತ್ತವೆಂದು ವಚನಕಾರರು ಎಲ್ಲೂ ಸೂಚಿಸಿಲ್ಲ. ಆಶಯವೇ ಇಲ್ಲದ ಕಡೆ ಆಶಯದ ಅರ್ಥವನ್ನು ಹೊರಿಸುವುದು ವ್ಯಾಕರಣದ ಪ್ರಶ್ನೆಯನ್ನು ಭಾವಾರ್ಥದಿಂದ ಮುಚ್ಚಿದಂತೆ.

ಉತ್ತರವಿರುವುದು ಕ್ರಿಯಾರೂಪದಲ್ಲೇ. ‘ಆದ’, ‘ಆಗುವ’ ಎಂಬ ರೂಪಗಳಲ್ಲಿ ಕಾಲವಿದೆ; ‘ಆಗದ’ ರೂಪದಲ್ಲಿ ಇಲ್ಲ. ನಿನ್ನೆ ಆಗದ ಕೆಲಸ, ನಾಳೆಯೂ ಆಗದ ಕೆಲಸ, ಎರಡಕ್ಕೂ ಅದೊಂದೇ ರೂಪ. ಹಾಗಾಗಿ ‘ಕತ್ತಲಾಗದ ಮುನ್ನ’ ಎಂದರೆ ಕತ್ತಲು ಇನ್ನೂ ಕವಿಯದಿರುವ ಅವಧಿ. ಇಲ್ಲಿನ ನಿಷೇಧ ಆ ಅವಧಿಯ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಕತ್ತಲಾಗುವುದನ್ನು ಅಲ್ಲಗಳೆಯುವುದಿಲ್ಲ. ತೆಲುಗಿನ ಆಡುಮಾತಿನಲ್ಲಿ ಇಂದಿಗೂ ‘ತಿನಕ ಮುಂದು’ ಎಂದರೆ ತಿನ್ನುವ ಮೊದಲು ಎಂದರ್ಥ. ಅಲ್ಲಿಯೂ ಇರುವುದು ನಿಷೇಧರೂಪವೇ. (ತೆಲುಗಿನದು ಕ್ರಿಯೆಗೆ ಅಂಟುವ ನಿಷೇಧ, ನಮ್ಮದು ನಾಮಪದಕ್ಕೆ ಅಂಟುವ ನಿಷೇಧ. ಆದ್ದರಿಂದ ಒಂದು ಇನ್ನೊಂದರಿಂದ ಬಂತೆಂದು ನಾನು ವಾದಿಸುತ್ತಿಲ್ಲ.)

‘ಆಗುವ ಮುನ್ನ’ ಎಂಬ ಈಗಿನ ರೂಪವನ್ನೂ ಸರಿಯಾಗಿ ಓದಬೇಕು. ‘-ಉವ’ ಭವಿಷ್ಯತ್ತನ್ನು ಹೇಳುತ್ತದೆ ಎನ್ನುವವರು ‘ನಿನ್ನೆ ಕತ್ತಲಾಗುವ ಮುನ್ನ ಮನೆ ಸೇರಿದೆವು’ ಎಂಬ ವಾಕ್ಯವನ್ನು ಗಮನಿಸಲಿ. ಕತ್ತಲಾದದ್ದೂ ನಿನ್ನೆಯೇ. ಮನೆ ಸೇರಿದ ಗಳಿಗೆಯಿಂದ ನೋಡಿದಾಗ ಮಾತ್ರ ಕತ್ತಲು ಮುಂದಿತ್ತು. ‘ನಾಳೆ ಅವರು ಬಂದ ಮೇಲೆ ಉಣ್ಣೋಣ’ ಎಂಬಲ್ಲಿ ಇದರ ತಿರುಗುಮುರುಗು: ಬರುವುದು ನಾಳೆ, ರೂಪ ಮಾತ್ರ ಭೂತ. ಅದಕ್ಕೇ ‘ಬಂದ ಮುನ್ನ’, ‘ಬರುವ ಮೇಲೆ’ ಎಂದು ಯಾರೂ ಹೇಳುವುದಿಲ್ಲ. ‘ಆಗ’ ಎಂಬುದು ಎರಡಕ್ಕೂ ಒಗ್ಗುತ್ತದೆ. ‘ಮೈಸೂರಿಗೆ ಹೋಗುವಾಗ ಸಿಕ್ಕಿದರು’ ಎಂದರೆ ದಾರಿಯಲ್ಲಿ. ‘ಹೋದಾಗ ಸಿಕ್ಕಿದರು’ ಎಂದರೆ ಸಾಮಾನ್ಯವಾಗಿ ಅಲ್ಲಿಗೆ ತಲುಪಿದ ಮೇಲೆ. ಕನ್ನಡದ ರೂಪಗಳನ್ನು ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ಯಬಾರದೆಂದು ಡಿ. ಎನ್. ಶಂಕರ ಭಟ್ಟರು ಪಟ್ಟು ಹಿಡಿದು ವಾದಿಸಿದರು. ಅವರ ಎಲ್ಲ ತೀರ್ಮಾನಗಳನ್ನು ಒಪ್ಪದವರೂ ಇಲ್ಲಿ ಆ ಎಚ್ಚರವನ್ನು ಪಾಲಿಸಲೇಬೇಕು.

ಹಳೆಯ ರೂಪ ಮತ್ತು ಹೊಸ ರೂಪ ಸೂಚಿಸುವ ಅನುಕ್ರಮ ಒಂದೇ, ನೋಟ ಬೇರೆ. ಹಳೆಯದು ಘಟನೆ ಇನ್ನೂ ನಡೆಯದ ಸ್ಥಿತಿಯನ್ನು ಹಿಡಿಯುತ್ತದೆ. ಹೊಸದು ಬರಲಿರುವ ಘಟನೆಯನ್ನೇ ಹಿಡಿಯುತ್ತದೆ. ವಚನಗಳಿಗೆ ಟಿಪ್ಪಣಿ ಬರೆಯುವವರು ಈ ‘-ದ’ವನ್ನು ‘ಕಾಲಸೂಚನೆಯಿಲ್ಲದ ನಿಷೇಧ ಕೃದಂತ’ ಎಂದೇ ನಮೂದಿಸಲಿ. ‘ಹಾಗಾಗದಿರಲಿ’ ಎಂಬ ಅರ್ಥವನ್ನು ಕೈಬಿಡಲಿ.